ಮೊದಲ ಸಂಬಳದ ಚೀಟಿಯನ್ನು ಆಫರ್ ಲೆಟರ್ ಜೊತೆ ಹೋಲಿಸುವುದು ಹೇಗೆ?

ಕೆಲಸಕ್ಕೆಂದು ಮಹಾರಾಷ್ಟ್ರಕ್ಕೆ ಬಂದ ಕುಟುಂಬಗಳು ಸಂಘದಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: "ವರ್ಷಕ್ಕೆ 9,60,000 ಎಂದಿದ್ದರು. ತಿಂಗಳಿಗೆ 80,000 ಬರಬೇಕಲ್ಲವೇ? ಖಾತೆಗೆ ಬಂದದ್ದು 62,526!"

ಆಫರ್ ಲೆಟರ್‌ನ ಕೊನೆಯ ಪುಟದಲ್ಲಿರುವ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ವೆಚ್ಚದ ಪಟ್ಟಿಯನ್ನು ತೆಗೆದಿಡಿ. ಈ ಉದಾಹರಣೆಯಲ್ಲಿ ಮೂಲ ವೇತನ ತಿಂಗಳಿಗೆ 40,000. ಕಂಪನಿ ಕಟ್ಟುವ ಪಿಎಫ್ ಅದರ ಶೇ 12, ಅಂದರೆ 4,800. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆಂದು ಎತ್ತಿಟ್ಟದ್ದು 1,924. ಇವೆರಡೂ ಸಿಟಿಸಿಯೊಳಗೇ ಸೇರಿವೆ, ಆದರೆ ತಿಂಗಳ ಸಂಬಳವಾಗಿ ಕೈಗೆ ಬರುವುದಿಲ್ಲ. 80,000ದಲ್ಲಿ ಇವನ್ನು ಕಳೆದರೆ 73,276 ಉಳಿಯುತ್ತದೆ. ಚೀಟಿಯಲ್ಲಿ ಒಟ್ಟು ಸಂಬಳ ಎಂದು ಇರಬೇಕಾದದ್ದು ಈ ಮೊತ್ತ. ಇದರಿಂದ ನಿಮ್ಮ ಪಾಲಿನ ಪಿಎಫ್ 4,800 ಮತ್ತು ವೃತ್ತಿ ತೆರಿಗೆ 200 (ಫೆಬ್ರವರಿಯಲ್ಲಿ 300) ಕಡಿತವಾಗಿ 68,276 ಬರಬೇಕು. ತಿಂಗಳ ಮಧ್ಯೆ ಸೇರಿದ್ದರೆ ಮೊದಲ ಚೀಟಿಯನ್ನು ಬಿಟ್ಟು ಎರಡನೆಯದನ್ನು ಹೋಲಿಸಿ.

ಎಚ್ಚರ ಬೇಕಾದದ್ದು ಇಲ್ಲಿ: ಒಟ್ಟು ಸಂಬಳ 73,276 ಎಂದು ತೋರಿಸಿ, ಕಡಿತದ ಕಡೆ 4,800 ಎರಡು ಬಾರಿ ಬಂದಿದ್ದರೆ ಕಂಪನಿಯ ಪಾಲನ್ನು ನಿಮ್ಮಿಂದ ಮತ್ತೊಮ್ಮೆ ಹಿಡಿದಂತಾಯಿತು. ತಕ್ಷಣ ಎಚ್‌ಆರ್ ವಿಭಾಗಕ್ಕೆ ಇಮೇಲ್ ಬರೆಯಿರಿ, ಬಾಯಿಮಾತಿನಲ್ಲಿ ಬಿಡಬೇಡಿ. ಕೆಲವು ಕಂಪನಿಗಳು ಪಿಎಫ್ ಅನ್ನು 15,000 ರೂಪಾಯಿಯ ವೇತನ ಮಿತಿಗೆ ಲೆಕ್ಕ ಹಾಕಿ 1,800 ಮಾತ್ರ ಕಟ್ಟುತ್ತವೆ. ಅದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಪತ್ರದಲ್ಲಿ 4,800 ಎಂದಿದ್ದರೆ, ಕಂಪನಿ ಉಳಿಸಿದ 3,000 ನಿಮ್ಮ ಯಾವ ಭತ್ಯೆಗೆ ಸೇರಿದೆ ಎಂದು ಕೇಳಿ.

ಚೀಟಿಯಲ್ಲಿ ಕಡಿತವಾದ ಪಿಎಫ್ ಹಣ ನಿಧಿಗೆ ತಲುಪಿದೆಯೇ? ಮುಂದಿನ ತಿಂಗಳ 15ರೊಳಗೆ ಕಂಪನಿ ಹಣ ಕಟ್ಟಬೇಕು. ಕೆಲವು ದಿನ ಬಿಟ್ಟು ನಿಮ್ಮ ಪಿಎಫ್ ಸಂಖ್ಯೆಯಾದ ಯುಎಎನ್ ಬಳಸಿ ಪಾಸ್‌ಬುಕ್ ನೋಡಿ. ಕಂಪನಿಯ ಪಾಲು 3,550 ಎಂದಿದ್ದರೆ ಗಾಬರಿ ಬೇಡ, ಉಳಿದ 1,250 ಪಕ್ಕದ ಪಿಂಚಣಿ ಅಂಕಣದಲ್ಲಿರುತ್ತದೆ. 2014ರ ಸೆಪ್ಟೆಂಬರ್ 1ರ ನಂತರ, 15,000ಕ್ಕಿಂತ ಹೆಚ್ಚಿನ ವೇತನದಲ್ಲಿ ಮೊದಲ ಬಾರಿ ಪಿಎಫ್‌ಗೆ ಸೇರಿದವರಿಗೆ ಪಿಂಚಣಿ ಭಾಗವಿಲ್ಲ. ಪೂರ್ತಿ 4,800 ಒಂದೇ ಕಡೆ ಕಾಣುತ್ತದೆ.

ಇನ್ನು 68,276ಕ್ಕೂ 62,526ಕ್ಕೂ ನಡುವಿನ 5,750 ಟಿಡಿಎಸ್, ಅಂದರೆ ಸಂಬಳದಲ್ಲೇ ಹಿಡಿದುಕೊಂಡ ಆದಾಯ ತೆರಿಗೆ. ಈ ಸಂಬಳಕ್ಕೆ 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ: 75,000 ಪ್ರಮಾಣಿತ ಕಡಿತದ ನಂತರ ಆದಾಯ 12 ಲಕ್ಷದೊಳಗೇ ಇರುತ್ತದೆ. ಹಾಗಿದ್ದೂ ಹಣ ಹಿಡಿದಿದ್ದಾರೆ ಎಂದರೆ, ಸೇರುವ ದಿನ ತುಂಬಿದ ಅರ್ಜಿಯಲ್ಲಿ ಹಳೆಯ ಪದ್ಧತಿಗೆ ಗುರುತು ಹಾಕಿರುವ ಸಾಧ್ಯತೆ ಹೆಚ್ಚು. ಬದಲಿಸಲು ಕಂಪನಿ ಒಪ್ಪದಿದ್ದರೆ, ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಹೊಸ ಪದ್ಧತಿ ಆರಿಸಿ ಹಣ ಹಿಂಪಡೆಯಬಹುದು. ಅದಕ್ಕೆ ಮೊದಲು, ಕಡಿತವಾದ ತೆರಿಗೆ ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿ. ಅಲ್ಲಿನ ವಿವರ ಮೂರು ತಿಂಗಳಿಗೊಮ್ಮೆ ಕಂಪನಿ ಸಲ್ಲಿಸುವ ಲೆಕ್ಕದಿಂದ ಬರುವುದರಿಂದ ತಡವಾಗಿ ಕಾಣಿಸುತ್ತದೆ.