ಆರತಕ್ಷತೆಯ ಸಾಲಿನಲ್ಲಿ ಹತ್ತು ಸೆಕೆಂಡಿನ ಮಾತು

ಕೊಪ್ಪಳದ ಕಲ್ಯಾಣ ಮಂಟಪವೊಂದರಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಆರತಕ್ಷತೆ ಇದೆ, ಮುನ್ನೂರು ಜನ ವೇದಿಕೆ ಹತ್ತುತ್ತಾರೆ ಎಂದುಕೊಳ್ಳಿ. ಮೂವರಂತೆ ಗುಂಪಾಗಿ ಬಂದರೆ ನೂರು ಗುಂಪುಗಳಾಗುತ್ತವೆ. ಒಂದೊಂದಕ್ಕೆ ಸಿಗುವುದು 72 ಸೆಕೆಂಡು. ಮೆಟ್ಟಿಲು ಹತ್ತಿ, ಉಡುಗೊರೆ ಕೊಟ್ಟು, ಫೋಟೊಗೆ ನಿಂತು ಇಳಿಯುವಷ್ಟರಲ್ಲಿ ಒಂದು ನಿಮಿಷ ಕಳೆದಿರುತ್ತದೆ. ಮಾತಿಗೆ ಉಳಿಯುವುದು ಹತ್ತು, ಹನ್ನೆರಡು ಸೆಕೆಂಡು ಮಾತ್ರ.

ಮೊದಲು ಮಾಡಬೇಕಾದದ್ದು, ಎರಡೂ ಕಡೆಯ ಬಂಧುಗಳನ್ನು ಬಲ್ಲ ಒಬ್ಬರನ್ನು ವಧೂವರರ ಪಕ್ಕದಲ್ಲಿ, ಮೆಟ್ಟಿಲಿನ ಕಡೆಗೆ ನಿಲ್ಲಿಸುವುದು. ಸೋದರಮಾವನೋ ಹಿರಿಯಕ್ಕನೋ ಆದರೆ ಒಳ್ಳೆಯದು. ಬರುವವರು ಕೊನೆಯ ಮೆಟ್ಟಿಲಿನಲ್ಲಿರುವಾಗಲೇ ಹೀಗೆ ನಿಂತವರು ವಧೂವರರಿಗೆ "ಮಸ್ಕಿ ಕಾಕಾ, ಅಪ್ಪನ ಗೆಳೆಯರು" ಎಂದು ಮೆಲ್ಲನೆ ಹೇಳಬೇಕು. ನನ್ನ ತಂಗಿಯ ಮದುವೆಯಲ್ಲಿ ಈ ಕೆಲಸಕ್ಕೆ ನಾನೇ ನಿಂತಿದ್ದೆ. ಹೆಸರಿಗಿಂತ ಊರು ಮತ್ತು ಸಂಬಂಧ ತಿಳಿದರೆ ಸಾಕು, ಏಕೆಂದರೆ ನಮ್ಮಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ.

ಇನ್ನು ವಧೂವರರ ಮಾತು. ಮೊದಲು ಕೈಮುಗಿದು ಸಂಬಂಧದ ಹೆಸರಿನಿಂದ ಕರೆಯಿರಿ. ಬಳಿಕ ಆ ವ್ಯಕ್ತಿಗೆ ಮಾತ್ರ ಸಲ್ಲುವ ಒಂದು ಸಂಗತಿ ಹೇಳಿ. ಕೊನೆಗೆ ಊಟಕ್ಕೆ ಕರೆಯಿರಿ. ಮೇ ತಿಂಗಳಲ್ಲಿ ಮಸ್ಕಿಯಿಂದ ಬಸ್ಸಿನಲ್ಲಿ ಬಂದ ಆ ಹಿರಿಯರಿಗೆ ತಂಗಿ ಹೇಳಿದ್ದು ಇಷ್ಟೇ: "ಕಾಕಾರ, ಇಂಥಾ ಬಿಸಿಲಾಗ ಮಸ್ಕಿಯಿಂದ ಬಂದೀರಿ, ಭಾಳ ಖುಷಿ ಆತ್ರಿ. ಉಂಡ ಹೋಗ್ರಿ." ಅವರು ಆಕೆಯ ತಲೆಯ ಮೇಲೆ ಅಕ್ಷತೆ ಹಾಕಿ, ಮುಖ ಅರಳಿಸಿಕೊಂಡೇ ಇಳಿದು ಹೋದರು.

ಸಾಲು ಕೆಡುವುದು ಹೆಚ್ಚಾಗಿ ಪ್ರಶ್ನೆಯಿಂದ. "ಆರಾಮದೀರಾ?" ಎಂದು ಕೇಳಿದರೆ ಮೊಣಕಾಲು ನೋವಿನ ಕಥೆ ಬರುತ್ತದೆ, "ಅತ್ತಿ ಯಾಕ ಬಂದಿಲ್ರಿ?" ಎಂದರೆ ಬಂದವರು ಕಾರಣ ಹೇಳಬೇಕಾದ ಮುಜುಗರಕ್ಕೆ ಸಿಲುಕುತ್ತಾರೆ. ಆದ್ದರಿಂದ ಕೇಳಬೇಡಿ, ಹೇಳಿ. "ಅತ್ತಿಗೆ ನಮಸ್ಕಾರ ಹೇಳ್ರಿ" ಎಂದರೆ ಬಾರದವರನ್ನೂ ನೆನೆದಂತಾಗುತ್ತದೆ, ಮಾತೂ ಅಲ್ಲಿಗೆ ಮುಗಿಯುತ್ತದೆ. ಮೆಟ್ಟಿಲಿನ ಕೆಳಗೆ ನಾಲ್ಕು ಗುಂಪುಗಳಿಗಿಂತ ಹೆಚ್ಚು ನಿಂತಿದ್ದರೆ ಮೇಲೆ ಮಾತು ಉದ್ದವಾಗುತ್ತಿದೆ ಎಂದು ತಿಳಿಯಿರಿ. ಆಗ ಪಕ್ಕದಲ್ಲಿದ್ದವರು "ಬರ್ರಿ, ಫೋಟೊ ತೆಗಸ್ಕೊಳ್ಳೂಣು" ಎಂದು ಕರೆದರೆ ಯಾರ ಮನಸ್ಸಿಗೂ ನೋವಾಗದು.

ಸಂಬಂಧವೇ ನೆನಪಾಗದಿದ್ದರೆ ಊಹಿಸಲು ಹೋಗಬಾರದು. ಕಾಕಾನನ್ನು ಮಾವ ಎಂದು ಕರೆದದ್ದು ಮನೆಮಂದಿಗೆಲ್ಲ ನೆನಪುಳಿಯುತ್ತದೆ. "ನೀವು ಬಂದದ್ದು ಭಾಳ ಚಲೋ ಆತ್ರಿ" ಎಂಬುದು ಯಾರಿಗಾದರೂ ಒಪ್ಪುತ್ತದೆ.

ಈಚೆಗೆ ಮನೆಯಲ್ಲಿ ಸಾವು ಕಂಡವರು ಬಂದಾಗ ಮಾತ್ರ ಈ ಕ್ರಮವನ್ನು ಬಿಡಿ. ಸಾಲಿನಲ್ಲಿ, ಕ್ಯಾಮೆರಾದ ಎದುರು ಆ ವಿಷಯ ಎತ್ತದೆ, ಅವರ ಎರಡೂ ಕೈ ಹಿಡಿದು, "ನಾವಿಬ್ರೂ ಮನಿಗೆ ಬರ್ತೀವ್ರಿ" ಎಂದಷ್ಟೇ ಹೇಳಿ. ಆ ವಾರದಲ್ಲೇ ಹೋಗಿ ಬನ್ನಿ.