ಆರು ಕಾರಿನ ಪಾರ್ಕಿಂಗು, ಒಂದು ಚೀಲ ಸುಣ್ಣದ ಪುಡಿ

ಮೊದ್ಲು ನನ್ನ ತಪ್ಪು ಹೇಳಿಬಿಡ್ತೀನಿ. ಕೆಲ ವರ್ಷದ ಹಿಂದೆ ದಾವಣಗೆರೆಯಲ್ಲೇ ಒಂದು ಮನೆಗೆ ಸೆಮಿ ಬೇಸ್‌ಮೆಂಟ್ ಪಾರ್ಕಿಂಗ್ ಮಾಡಿಕೊಟ್ಟಿದ್ದೆ, ರೋಡಿಂದ 4 ಅಡಿ ಕೆಳಗೆ, ರ‍್ಯಾಂಪಿಗೆ ಸಿಕ್ಕಿದ್ದು 20 ಅಡಿ ಅಷ್ಟೇ, ಅಂದ್ರೆ 1:5 ಸ್ಲೋಪ್. ಒಬ್ಬರೇ ಓಡಿಸಿದ್ರೆ ಕಾರು ಆರಾಮಾಗಿ ಇಳೀತಿತ್ತು. ಗೃಹಪ್ರವೇಶದ ದಿನ ಐದು ಜನ ಕೂತ್ಕೊಂಡು ಬಂದ್ರು ನೋಡಿ, ರ‍್ಯಾಂಪಿನ ತುದಿಯಲ್ಲಿ ಕಾರಿನ ಹೊಟ್ಟೆ ಗರ್‌ರ್ ಅಂತ ಉಜ್ಜಿತು, ಮನೆ ಯಜಮಾನ್ರು ನನ್ನ ಮುಖ ನೋಡಿದ್ರು.

ಆಮೇಲೆ ಮನೆಗೆ ಬಂದು ಲೆಕ್ಕ ಹಾಕ್ದೆ. ಸಮತಟ್ಟು ನೆಲ ಮುಗಿದು ಇಳಿಜಾರು ಶುರುವಾಗೋ ಮೂಲೆ ಕಾರಿನ ಎರಡು ಚಕ್ರದ ಮಧ್ಯೆ ಬಂದಾಗ ಹೊಟ್ಟೆಗೂ ನೆಲಕ್ಕೂ ಇರೋ ಸಂದು ಕಮ್ಮಿ ಆಗುತ್ತೆ. ಎಷ್ಟು ಅಂದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋ ದೂರ, ಅಂದ್ರೆ ವೀಲ್‌ಬೇಸ್‌ನ ಕಾಲು ಭಾಗಕ್ಕೆ ಸ್ಲೋಪ್ ಗುಣಿಸಬೇಕು. ಸಾಮಾನ್ಯ ಕಾರಿನ ವೀಲ್‌ಬೇಸ್ ಎಂಟೂವರೆ ಅಡಿ ಅಂತ ಹಿಡೀರಿ, ಅದರ ಕಾಲು ಭಾಗ ಎರಡು ಅಡಿ ಚಿಲ್ಲರೆ, ಅದರಲ್ಲಿ ಐದನೇ ಒಂದು ಅಂದ್ರೆ 5 ಇಂಚು ಹೋಯ್ತು. ಖಾಲಿ ಕಾರಿಗೆ ಗ್ರೌಂಡ್ ಕ್ಲಿಯರೆನ್ಸ್ ಆರೂವರೆ ಇಂಚು ಇರಬಹುದು, ಐದು ಜನ ಕೂತ್ರೆ ಅದೂ ಇಳಿಯುತ್ತೆ. ಉಜ್ಜದೆ ಇನ್ನೇನಾಗುತ್ತೆ. ಅದೇ 1:8 ಇದ್ದಿದ್ರೆ ಬರೀ 3 ಇಂಚು ಚಿಲ್ಲರೆ ಹೋಗ್ತಿತ್ತು.

ಇದು ತಲೇಲಿ ಇದ್ದಿದ್ದಕ್ಕೆ ಮುಂದಿನ ಕೆಲಸ ಬಂದಾಗ ನಾನು ಪಾರ್ಕಿಂಗ್‌ನಿಂದಲೇ ಡ್ರಾಯಿಂಗ್ ಶುರು ಮಾಡ್ದೆ. 60×80 ಸೈಟು, ಕೆಳಗೆ ಕಂಬಗಳ ಮಧ್ಯೆ ಕಾರು ನಿಲ್ಲೋ ಸ್ಟಿಲ್ಟ್, ಅದರ ಮೇಲೆ ಮೂರು ಫ್ಲೋರ್, ಫ್ಲೋರಿಗೆ ಎರಡು ಫ್ಲಾಟ್, ಒಟ್ಟು ಆರು. ಓನರ್ ಅಡಿಕೆ ವ್ಯಾಪಾರದೋರು, "ಇಂಜಿನಿಯರ್ರೇ, ಎರಡೂ ಕಡೆ ಸಾಲಾಗಿ ನಿಲ್ಲಿಸ್ರಿ, ಹನ್ನೆರಡು ಕಾರು ಆಗ್ತಾವೆ" ಅಂತ ಮೊದಲ ದಿನವೇ ಹೇಳಿದ್ರು. ಬಿಲ್ಡಿಂಗ್ ಅಗಲ 50 ಅಡಿ, ಪೇಪರ್ ಮೇಲೆ ಆಗುತ್ತೆ ಕೂಡ, ಆದ್ರೆ ಮೆಟ್ಟಿಲು, ಲಿಫ್ಟು, ಸಂಪು, ಮೀಟರ್ ಬೋರ್ಡು, ಸ್ಕೂಟರು ಇವೆಲ್ಲ ಗಾಳೀಲಿ ನೇತಾಡಲ್ವಲ್ಲ. ಹಂಗಾಗಿ ಎಡಗಡೆ ಕಾರು 16.5 ಅಡಿ, ನಡುವೆ ಓಡಾಡೋ ದಾರಿ 18 ಅಡಿ, ಬಲಗಡೆ ಉಳಿದ 15.5 ಅಡಿಯಲ್ಲಿ ಮಿಕ್ಕಿದ್ದೆಲ್ಲ ಅಂತ ಹಂಚಿದೆ.

ಒಂದು ಕಾರಿಗೆ ಪ್ಲಾನಲ್ಲಿ ಸಾಮಾನ್ಯವಾಗಿ 2.5 ಮೀಟರ್ ಅಗಲ 5 ಮೀಟರ್ ಉದ್ದ ತೋರಿಸ್ತೀವಿ, ಅಂದ್ರೆ ಸುಮಾರು 8 ಅಡಿ 2 ಇಂಚು ಮತ್ತೆ ಹದಿನಾರೂವರೆ ಅಡಿ. ಇದು ಕಂಬಗಳ ಮಧ್ಯೆ ಕ್ಲಿಯರ್ ಸಿಗಬೇಕಾದ ಅಳತೆ, ಸೆಂಟರ್‌ನಿಂದ ಸೆಂಟರ್ ಅಲ್ಲ, ಇಲ್ಲೇ ಜಾಸ್ತಿ ಜನ ಎಡವೋದು. ನಾನು ಎರಡು ಕಾರಿಗೆ ಒಂದು ಸ್ಪ್ಯಾನ್ ಅಂತ ಸೆಂಟರ್ 18 ಅಡಿ ಇಟ್ಟೆ, ಕಂಬ 9×24 ಇಂಚು, 9 ಇಂಚಿನ ಮುಖ ಕಾರಿನ ಅಗಲದ ಕಡೆ. ಕಂಬ ಕಳೆದ್ರೆ 17 ಅಡಿ 3 ಇಂಚು, ಪ್ಲಾಸ್ಟರ್ ಬಿಟ್ರೆ ಒಂದೊಂದು ಕಾರಿಗೆ ಎಂಟೂವರೆ ಅಡಿ ಚಿಲ್ಲರೆ. ಇನ್ನೊಂದು ಏನಂದ್ರೆ ಕಂಬಾನ ದಾರಿ ಅಂಚಿಗೇ ನಿಲ್ಲಿಸಿಲ್ಲ, 3 ಅಡಿ ಒಳಗೆ ಸರಿಸಿದೆ. ಕಾರು ತಿರುಗೋ ಜಾಗ ಆ ಬಾಯಿ ಹತ್ರನೇ, ಅಲ್ಲಿ ಕಂಬ ಇದ್ರೆ ಹಿಂದಿನ ಡೋರಿಗೆ ಗೀರು ಗ್ಯಾರಂಟಿ. ಮೇಲಿನ ಫ್ಲಾಟಿನ ರೂಮುಗಳನ್ನ ಈ ಕಂಬಕ್ಕೆ ಹೊಂದಿಸೋಕೆ ಒಂದು ವಾರ ತಲೆ ಕೆಡ್ತು, ಅದು ಬೇರೆ ಕಥೆ.

ದಾರಿ 18 ಅಡಿ ಸಾಕಾ ಅನ್ನೋದೇ ದೊಡ್ಡ ಪ್ರಶ್ನೆ. ಇನೋವಾ ಕ್ರಿಸ್ಟಾ ಟರ್ನಿಂಗ್ ರೇಡಿಯಸ್ 5.4 ಮೀಟರ್ ಅಂತಾರೆ, ಸುಮಾರು 18 ಅಡಿ, ಆದ್ರೆ ಅದು ಚಕ್ರದ ಲೆಕ್ಕ. ಬಂಪರ್ ಮೂಲೆ ಚಕ್ರಕ್ಕಿಂತ ಮುಂದೆ ಇರುತ್ತಲ್ಲ, ಅದು ಇನ್ನೂ ದೊಡ್ಡ ಸುತ್ತು ಹೊಡೆಯುತ್ತೆ. ಕಂಪ್ಯೂಟರಲ್ಲಿ ಎಷ್ಟು ಗೆರೆ ಎಳೆದ್ರೂ ನಂಗೆ ಸಮಾಧಾನ ಆಗ್ಲಿಲ್ಲ. ಭಾನುವಾರ ಬೆಳಿಗ್ಗೆ ವಿದ್ಯಾನಗರದ ಹತ್ರ ಒಂದು ಖಾಲಿ ಜಾಗಕ್ಕೆ ಸುಣ್ಣದ ಪುಡಿ ಚೀಲ, ಟೇಪು, ಇಟ್ಟಿಗೆ ತಗೊಂಡು ಹೋಗಿ ಮೂರು ಬೇ, ಅಂದ್ರೆ ಒಂದೊಂದು ಕಾರು ನಿಲ್ಲೋ ಜಾಗ, ಗೆರೆ ಹಾಕಿ ಕಂಬದ ಜಾಗಕ್ಕೆಲ್ಲ ಇಟ್ಟಿಗೆ ಜೋಡಿಸಿಟ್ಟೆ, ಎದುರು ಗೋಡೆಗೂ ಇಟ್ಟಿಗೆ ಸಾಲು. ನನ್ನ ಭಾಮೈದನ ಡಿಸೈರು, ಪಕ್ಕದ ಮನೆಯೋರ ಇನೋವಾ.

16 ಅಡಿ ದಾರಿಗೆ ಇನೋವಾ ಮುಂದೆ ಹಿಂದೆ ಮೂರು ಸಲ ಕಟ್ ಹೊಡೆದ್ರೂ ಒಂದು ಇಟ್ಟಿಗೆ ಬಿತ್ತು. 18 ಅಡಿಗೆ ಮೂತಿ ಮುಂದೆ ಮಾಡಿ ಹೋದ್ರೆ ಎರಡು ಕಟ್, ರಿವರ್ಸಲ್ಲಿ ಹೋದ್ರೆ ಒಂದೇ ಸಲಕ್ಕೆ. 20 ಅಡಿಗೆ ಹೆಂಗ್ ಹೋದ್ರೂ ಸಲೀಸು. ರಿವರ್ಸ್ ಯಾಕೆ ಸುಲಭ ಅಂದ್ರೆ ತಿರುಗೋ ಚಕ್ರ ಮುಂದಿರೋದು, ಹಿಂದಿನ ಚಕ್ರ ಬೇ ಬಾಯಲ್ಲಿ ಸೇರಿಕೊಂಡ ಮೇಲೆ ಮೂತಿಯನ್ನ ದಾರಿಯಲ್ಲಿ ಎಷ್ಟು ಬೇಕಾದ್ರೂ ಅಡ್ಡಾಡಿಸಬಹುದು. ಡಿಸೈರಿಗೆ 16 ಕೂಡ ನಡೀತು, ಆದ್ರೆ ನಾಳೆ ಫ್ಲಾಟ್ ತಗೊಳೋರು ಯಾವ ಗಾಡಿ ತರ್ತಾರೆ ಅಂತ ನಾವು ಬರೆಸಿಕೊಳ್ಳೋಕಾಗಲ್ಲ.

ಅವತ್ತೇ ಗೊತ್ತಾಗಿದ್ದು ಕೊನೇ ಬೇ ಕಷ್ಟ. ರಿವರ್ಸ್ ಹಾಕಬೇಕಂದ್ರೆ ಕಾರು ಮೊದ್ಲು ಬೇ ದಾಟಿ ಮುಂದೆ ಹೋಗಬೇಕು, ಮುಂದೆ ಗೋಡೆ ಇದ್ರೆ ಎಲ್ಲಿ ಹೋಗುತ್ತೆ? ಮೂತಿ ಕಡೆಯಿಂದ ನುಗ್ಗಿದ್ರೆ ಹೊರಗೆ ಬರೋವಾಗ ಹಿಂಭಾಗ ಅದೇ ಗೋಡೆಗೆ. ನಮ್ಮ ಸ್ಟಿಲ್ಟ್ ಉದ್ದ 60 ಅಡಿ, ಮೂರು ಸ್ಪ್ಯಾನ್ ಕಂಬ ಸೇರಿ 55 ಅಡಿ ಹತ್ರ, ಹಿಂದೆ 5 ಅಡಿ ಉಳೀತು. ಓನರ್ ಕಣ್ಣು ಅದರ ಮೇಲೇ. "ಅಲ್ಲೊಂದು ಸ್ಟೋರ್ ರೂಂ ಆಗ್ತೈತಲ್ರೀ" ಅಂದ್ರು. ನಾನು ಇಟ್ಟಿಗೆ ಸಾಲನ್ನ 5 ಅಡಿ ಮುಂದಕ್ಕೆ ತಂದು "ಯಜಮಾನ್ರೇ, ಈಗ ನೀವೇ ಹಾಕ್ರಿ" ಅಂತ ಡಿಸೈರ್ ಕೀ ಕೊಟ್ಟೆ. ಎರಡು ಸಲ ಟ್ರೈ ಮಾಡಿ ಇಳಿದು ಬಂದ್ರು, ಸ್ಟೋರ್ ರೂಂ ವಿಷಯ ಮತ್ತೆ ಎತ್ಲಿಲ್ಲ.

ಸೆಮಿ ಬೇಸ್‌ಮೆಂಟ್ ಆಸೇನೂ ಅವರಿಗಿತ್ತು. 4 ಅಡಿ ಇಳಿಸಿದ್ರೆ 1:8ಕ್ಕೆ 32 ಅಡಿ, ಮೇಲೆ ಕೆಳಗೆ ಎಂಟೆಂಟು ಅಡಿ ಅರ್ಧ ಸ್ಲೋಪ್ ಕೊಟ್ಟು ನಯ ಮಾಡಿದ್ರೆ 40 ಅಡಿ. ಬಿಲ್ಡಿಂಗ್ ಮುಂದೆ ಖಾಲಿ ಬಿಟ್ಟ ಸೆಟ್‌ಬ್ಯಾಕ್ ಇರೋದೇ 12 ಅಡಿ, ಉಳಿದ 28 ಅಡಿ ಬಿಲ್ಡಿಂಗ್ ಒಳಗೇ ಬರುತ್ತೆ, ಇಳಿಜಾರಿಗೆ ಮೂರು ಕಾರಿನ ಬಾಯಿ ಹೋಗುತ್ತೆ. ಅಲ್ಲಿಗೆ ಅದು ಮುಗೀತು, ನೆಲಮಟ್ಟದ ಸ್ಟಿಲ್ಟೇ ಗಟ್ಟಿ ಆಯ್ತು.

ಹಂಗಂತ ರ‍್ಯಾಂಪ್ ತಪ್ಪಲಿಲ್ಲ. ರೋಡಿಗೆ ಸಲ ಸಲಾನೂ ಡಾಂಬರು ಹಾಕಿ ಮಟ್ಟ ಏರ್ತಾನೇ ಇರುತ್ತೆ, ಅದಕ್ಕೆ ಓನರ್ ಒಂದೂವರೆ ಅಡಿ ಎತ್ತರ ಕೇಳಿದ್ರು, ತಪ್ಪೇನಿಲ್ಲ. ಆದ್ರೆ 12 ಅಡಿಯಲ್ಲಿ ಮೊದಲ 3 ಅಡಿ 1:16, ನಡುವಿನ 6 ಅಡಿ 1:8, ಕೊನೇ 3 ಅಡಿ ಮತ್ತೆ 1:16 ಅಂದ್ರೆ ಏರೋದು ಎರಡೂಕಾಲು, ಒಂಬತ್ತು, ಎರಡೂಕಾಲು, ಒಟ್ಟು ಹದಿಮೂರೂವರೆ ಇಂಚು. 18 ಇಂಚು ಬೇಕಂದ್ರೆ 15 ಅಡಿ ಬೇಕು, ಆ ಹೆಚ್ಚಿನ 3 ಅಡಿ ಮೊದಲ ಕಾರಿನ ಬಾಯಿಗೆ ಬರುತ್ತೆ, ಇಳಿಜಾರಲ್ಲಿ ಸ್ಟೇರಿಂಗ್ ತಿರುಗಿಸಿ ರಿವರ್ಸ್ ಹಾಕೋದು ಯಾರಿಗೂ ಬೇಡ. ಹದಿಮೂರೂವರೆಗೇ ನಿಲ್ಲಿಸಿ, ಗೇಟಿನ ಒಳಗೆ ಅಡ್ಡಕ್ಕೆ ಒಂದು ಕಬ್ಬಿಣದ ಜಾಲಿ ಚರಂಡಿ ಕೊಟ್ಟು ರ‍್ಯಾಂಪಿಂದ ಇಳಿಯೋ ನೀರು ತಡೆದ್ವಿ. ರ‍್ಯಾಂಪ್ ಮೇಲೆ ಕಾಂಕ್ರೀಟ್ ಹಸಿ ಇದ್ದಾಗ್ಲೇ ಅಡ್ಡ ಗೆರೆ ಎಳೆಸಿದೆ, ನುಣ್ಣಗೆ ತಿಕ್ಕಿದ್ರೆ ಮಳೇಲಿ ಸ್ಕೂಟರ್ ಜಾರುತ್ತೆ.

ಗೇಟಿನ ವಿಷಯಕ್ಕೆ ಮೇಸ್ತ್ರಿ ನನ್ನ ಉಳಿಸಿದ. ನಾನು ಒಳಗೆ ತೆಗೆಯೋ ಎರಡು ಬಾಗಿಲ ಗೇಟು ತೋರಿಸಿದ್ದೆ. "ಸಾರ್, ನೆಲ ಒಳಗೆ ಏರ್ತೈತಿ, ಗೇಟಿನ ಕೆಳಗಿನ ಪಟ್ಟಿ ಹೆಂಗ್ ತಿರುಗ್ತೈತಿ?" ಅಂದ. ಹೌದಲ್ಲ! ಆರು ಅಡಿ ಬಾಗಿಲು ಪೂರ್ತಿ ತೆರೆಯೋಷ್ಟರಲ್ಲಿ ಅದರ ತುದಿಯ ಕೆಳಗೆ ನೆಲ ಆರೂಮುಕ್ಕಾಲು ಇಂಚು ಏರಿರುತ್ತೆ. ಸ್ಲೈಡಿಂಗ್ ಗೇಟ್ ಮಾಡಿಸಿದ್ವಿ, 12 ಅಡಿ ಅಗಲ, ಎದುರಿನ ರೋಡು ಚಿಕ್ಕದು, 10 ಅಡಿಗೆ ದೊಡ್ಡ ಗಾಡಿ ಒಂದೇ ಸಲಕ್ಕೆ ತಿರುಗಲ್ಲ.

ಈಗ ಎಲ್ಲಾ ಆರು ಫ್ಲಾಟಲ್ಲೂ ಜನ ಇದಾರೆ. ಹಿಂದಿನ ಆ 5 ಅಡಿಯಲ್ಲಿ ಯಾರೋ ಹಳೇ ಮಂಚ, ಕೂಲರ್ ತಂದಿಟ್ಟಿದಾರೆ, ಕೊನೇ ಬೇ ಅವರು ಕಾರು ತಿರುಗಲ್ಲ ಅಂತ ನಂಗೇ ಫೋನ್ ಮಾಡ್ತಾರೆ.