ಹಾಲಿನಂಥ ಸೀರಮ್‌ನಲ್ಲಿ ಕೊಲೆಸ್ಟ್ರಾಲ್ ಅಳೆಯುವುದು ಹೇಗೆ?

ಮಂಡ್ಯ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುವಾಗಿನ ಮಾತು. ಬೆಳಿಗ್ಗೆ ಎಂಟಕ್ಕೆ ಐವತ್ತು ದಾಟಿದ ಯಜಮಾನರೊಬ್ಬರು ಬಂದು ರಕ್ತ ಕೊಟ್ಟರು. ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ಹತ್ತು ನಿಮಿಷ ತಿರುಗಿಸಿ ತೆಗೆದೆ. ಸೀರಮ್ ಎಳೆ ಹಳದಿ ಬಣ್ಣದಲ್ಲಿ ತಿಳಿಯಾಗಿರಬೇಕಲ್ವಾ? ಇದು ನೀರು ಬೆರೆಸಿದ ಹಾಲಿನ ಹಾಗಿತ್ತು. ಟ್ಯೂಬಿನ ಹಿಂದೆ ಬೆರಳಿಟ್ಟರೆ ಬೆರಳು ಕಾಣುತ್ತಿರಲಿಲ್ಲ.

"ರಾತ್ರಿ ಏನು ಊಟ ಮಾಡಿದ್ರಿ ಯಜಮಾನ್ರೆ?" ಅಂದೆ.

"ಬೀಗರೂಟ ಇತ್ತು ಕಣವ್ವ. ಮಲಗೋದು ಹನ್ನೊಂದಾಯ್ತು."

ಆ ಒಂದೇ ಟ್ಯೂಬಿನಿಂದ ನನಗೆ ನಾಲ್ಕು ಬೇರೆ ಬೇರೆ ಕೊಲೆಸ್ಟ್ರಾಲ್ ಉತ್ತರ ಸಿಕ್ಕವು. ಯಾವುದು ಸರಿ ಎಂದು ತಿಳಿಯಬೇಕಾದರೆ ಮೊದಲು ಈ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ನೋಡಬೇಕು.

ಬಣ್ಣ ಬರುವುದು ಎಲ್ಲಿಂದ

ಹಿಂದೆ ಅಸಿಟಿಕ್ ಅನ್‌ಹೈಡ್ರೈಡ್, ಸಲ್ಫ್ಯೂರಿಕ್ ಆಮ್ಲ ಹಾಕಿ ಹಸಿರು ಬಣ್ಣ ಬರಿಸಿ ಅಳೆಯುತ್ತಿದ್ದರು. ಕೈ ಸುಡುವ ಕೆಲಸ ಅದು. 1974ರಲ್ಲಿ ಅಲೈನ್ ಮತ್ತು ಸಂಗಡಿಗರು ಮೂರು ಎಂಜೈಮ್‌ಗಳನ್ನು ಒಂದೇ ರಿಯೇಜೆಂಟ್‌ನಲ್ಲಿ ಸೇರಿಸಿದ ವಿಧಾನ ಪ್ರಕಟಿಸಿದರು. ಇವತ್ತು ನಮ್ಮ ಫ್ರಿಜ್‌ಗಳಲ್ಲಿರುವ ಕಿಟ್‌ಗಳಲ್ಲಿ ಹೆಚ್ಚಿನವು ಅದರದೇ ಮಕ್ಕಳು.

ಸೀರಮ್‌ನಲ್ಲಿರುವ ಕೊಲೆಸ್ಟ್ರಾಲ್‌ನ ಸುಮಾರು ಮೂರರಲ್ಲಿ ಎರಡು ಪಾಲು ಬಿಡಿಯಾಗಿ ಇರುವುದಿಲ್ಲ, ಕೊಬ್ಬಿನ ಆಮ್ಲಕ್ಕೆ ಅಂಟಿಕೊಂಡಿರುತ್ತದೆ. ಮೊದಲ ಎಂಜೈಮ್ ಕೊಲೆಸ್ಟ್ರಾಲ್ ಎಸ್ಟರೇಸ್ ಆ ಅಂಟನ್ನು ಬಿಡಿಸುತ್ತದೆ. ಬಿಡಿಯಾದ ಕೊಲೆಸ್ಟ್ರಾಲನ್ನು ಎರಡನೆಯದಾದ ಕೊಲೆಸ್ಟ್ರಾಲ್ ಆಕ್ಸಿಡೇಸ್ ಹಿಡಿಯುತ್ತದೆ. ಆಗ ಒಂದು ಕೊಲೆಸ್ಟ್ರಾಲ್ ಅಣುವಿಗೆ ಒಂದರಂತೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಮೂರನೆಯದು ಪೆರಾಕ್ಸಿಡೇಸ್. ಇದನ್ನು ಸಾಸಿವೆ, ಮೂಲಂಗಿ ಕುಟುಂಬಕ್ಕೆ ಸೇರಿದ ಹಾರ್ಸ್‌ರ್ಯಾಡಿಷ್ ಬೇರಿನಿಂದ ತೆಗೆಯುತ್ತಾರೆ. ಅದು ಪೆರಾಕ್ಸೈಡನ್ನು ಬಳಸಿಕೊಂಡು ಫೀನಾಲ್ ಮತ್ತು 4-ಅಮಿನೋಆಂಟಿಪೈರಿನ್ ಎರಡನ್ನೂ ಬೆಸೆಯುತ್ತದೆ. ಕ್ವಿನೋನಿಮೈನ್ ಎಂಬ ಗುಲಾಬಿ ಬಣ್ಣ ಬರುತ್ತದೆ. ಕೊಲೆಸ್ಟ್ರಾಲ್ ಜಾಸ್ತಿ ಇದ್ದಷ್ಟೂ ಗುಲಾಬಿ ಗಾಢ.

ರಿಯೇಜೆಂಟ್‌ನಲ್ಲಿ ಇನ್ನೊಂದು ವಸ್ತು ಇರುತ್ತದೆ: ಸೋಪಿನ ಥರದ ಡಿಟರ್ಜೆಂಟ್. ಕೊಬ್ಬಿನ ಕಣಗಳನ್ನು ಒಡೆದು, ಒಳಗಿರುವ ಕೊಲೆಸ್ಟ್ರಾಲ್ ಎಂಜೈಮ್‌ನ ಕೈಗೆ ಸಿಗುವಂತೆ ಮಾಡುವುದು ಅದರ ಕೆಲಸ. ನಮ್ಮ ಹಾಲಿನಂಥ ಟ್ಯೂಬಿನ ಕಥೆಯಲ್ಲಿ ಮುಖ್ಯ ಪಾತ್ರ ಇದರದ್ದೇ.

ಮಾಮೂಲಿ ಸೀರಮ್‌ಗೆ ಮಾಡುವ ಕ್ರಮ

ರಿಯೇಜೆಂಟನ್ನು ಫ್ರಿಜ್‌ನಿಂದ ತೆಗೆದು ಕೋಣೆಯ ಬಿಸಿಗೆ ಬರಲು ಬಿಡಿ. ಮೂರು ಟ್ಯೂಬಿಗೆ ತಲಾ 1000 ಮೈಕ್ರೋಲೀಟರ್ ಹಾಕಿ. ಮೊದಲನೆಯದು ಬ್ಲ್ಯಾಂಕ್, ಅದಕ್ಕೆ 10 ಮೈಕ್ರೋಲೀಟರ್ ನೀರು. ಎರಡನೆಯದಕ್ಕೆ 10 ಮೈಕ್ರೋಲೀಟರ್ ಸ್ಟ್ಯಾಂಡರ್ಡ್, ಅಂದರೆ ಡೆಸಿಲೀಟರಿಗೆ 200 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುವ ದ್ರಾವಣ. ಮೂರನೆಯದಕ್ಕೆ 10 ಮೈಕ್ರೋಲೀಟರ್ ಸೀರಮ್. ಬೆರೆಸಿ 37 ಡಿಗ್ರಿಯಲ್ಲಿ ಐದು ನಿಮಿಷ ಇಡಿ. (ಕಿಟ್‌ನಿಂದ ಕಿಟ್‌ಗೆ ಅಳತೆ, ಸಮಯ ಸ್ವಲ್ಪ ಬದಲಾಗುತ್ತವೆ, ಡಬ್ಬಿಯೊಳಗಿನ ಚೀಟಿ ಓದಿ.) ಬ್ಲ್ಯಾಂಕ್‌ನಿಂದ ಸೊನ್ನೆ ಮಾಡಿ 505 ನ್ಯಾನೋಮೀಟರ್‌ನಲ್ಲಿ ಓದಿ. ಸೀರಮ್‌ನ ರೀಡಿಂಗನ್ನು ಸ್ಟ್ಯಾಂಡರ್ಡ್‌ನ ರೀಡಿಂಗ್‌ನಿಂದ ಭಾಗಿಸಿ 200ರಿಂದ ಗುಣಿಸಿದರೆ ಉತ್ತರ.

ಎಲ್ಲ 10 ಮೈಕ್ರೋಲೀಟರ್‌ನ ಆಟ. ಪಿಪೆಟ್ ತುದಿಯ ಹೊರಗೆ 1 ಮೈಕ್ರೋಲೀಟರ್ ಅಂಟಿಕೊಂಡು ಹೋದರೂ ಉತ್ತರ ನೂರಕ್ಕೆ ಹತ್ತರಷ್ಟು ಏರುತ್ತದೆ. ತುದಿಯನ್ನು ಟಿಶ್ಯೂನಲ್ಲಿ ಒರೆಸುವುದನ್ನು ಬಿಡಬೇಡಿ. ಜಿಡ್ಡು ಸೀರಮ್ ಆದರೆ ಇನ್ನೂ ಹುಷಾರು.

ಕಲಿಯುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಟ್ಯಾಂಡರ್ಡ್‌ನಲ್ಲಿ ಇರುವುದು ಸಾಮಾನ್ಯವಾಗಿ ಬಿಡಿ ಕೊಲೆಸ್ಟ್ರಾಲ್ ಮಾತ್ರ. ಅಂಟು ಬಿಡಿಸುವ ಎಂಜೈಮ್ ಸತ್ತುಹೋಗಿದ್ದರೂ ಸ್ಟ್ಯಾಂಡರ್ಡ್ ಸರಿಯಾಗಿಯೇ ಓದುತ್ತದೆ, ರೋಗಿಗಳ ಸೀರಮ್ ಮಾತ್ರ ತೀರಾ ಕಡಿಮೆ ತೋರಿಸುತ್ತದೆ. ಇದನ್ನು ಹಿಡಿಯುವುದು ಕಂಟ್ರೋಲ್ ಸೀರಮ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಸೀರಮ್ ಒಂದೇ. ದಿನಾ ಒಂದು ಕಂಟ್ರೋಲ್ ಹಾಕಿ ಅನ್ನುವುದು ಸುಮ್ನೆ ಅಲ್ಲ.

ಹಾಲು ಬಣ್ಣ ಏಕೆ, ಅದರಿಂದ ಏನಾಗುತ್ತದೆ

ಸೀರಮ್ ಬೆಳ್ಳಗಾಗುವುದು ಕೊಲೆಸ್ಟ್ರಾಲ್‌ನಿಂದ ಅಲ್ಲ. ಟ್ರೈಗ್ಲಿಸರೈಡ್ ತುಂಬಿದ ದೊಡ್ಡ ಕಣಗಳಿಂದ. ಊಟದ ಕೊಬ್ಬನ್ನು ಹೊತ್ತು ತರುವ ಕೈಲೋಮೈಕ್ರಾನ್, ಲಿವರ್ ತಯಾರಿಸುವ ವಿಎಲ್‌ಡಿಎಲ್, ಇವೇ ಆ ಕಣಗಳು. ಎಲ್‌ಡಿಎಲ್ ಕಣ ತುಂಬಾ ಚಿಕ್ಕದು. ಅದೊಂದೇ ಏರಿ ಕೊಲೆಸ್ಟ್ರಾಲ್ 400 ಆಗಿದ್ದರೂ ಸೀರಮ್ ಕನ್ನಡಿಯ ಹಾಗೆ ತಿಳಿಯಾಗಿ ಇರಬಹುದು.

ದೊಡ್ಡ ಕಣಗಳು ಬೆಳಕನ್ನು ಆಚೀಚೆ ಚದುರಿಸುತ್ತವೆ. ಆ ಬೆಳಕು ಮೆಷಿನ್‌ನ ಕಣ್ಣಿಗೆ ತಲುಪುವುದಿಲ್ಲ. ಬೆಳಕು ಬಣ್ಣದಲ್ಲಿ ಹೀರಿಹೋಯಿತೋ ಮಬ್ಬಿನಲ್ಲಿ ಚದುರಿಹೋಯಿತೋ ಮೆಷಿನ್‌ಗೆ ಗೊತ್ತಾಗದು. ಎರಡನ್ನೂ ಗುಲಾಬಿ ಎಂದೇ ಲೆಕ್ಕ ಹಾಕುತ್ತದೆ. ಉತ್ತರ ಸುಳ್ಳಾಗಿ ಏರುತ್ತದೆ.

ಇಂಥ ಟ್ಯೂಬು ಬಂದಾಗ ಮೊದಲ ಕೆಲಸ, ಸೀರಮನ್ನು ಬೇರೆ ಟ್ಯೂಬಿಗೆ ತೆಗೆದು ನಿಧಾನವಾಗಿ ಎಂಟು ಹತ್ತು ಸಲ ಮೇಲೆ ಕೆಳಗೆ ಮಾಡಿ ಬೆರೆಸುವುದು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿದಾಗ, ಅಥವಾ ಸುಮ್ಮನೆ ಇಟ್ಟಾಗಲೂ, ಕೈಲೋಮೈಕ್ರಾನ್ ಕೆನೆಯ ಹಾಗೆ ಮೇಲೆ ಬಂದಿರುತ್ತದೆ. ಮೇಲಿನಿಂದ ತೆಗೆದ ಹನಿಗೂ ತಳದಿಂದ ತೆಗೆದ ಹನಿಗೂ ಹೋಲಿಕೆ ಇರುವುದಿಲ್ಲ.

ಕೆನೆ ತೆಗೆದುಬಿಟ್ಟರೆ ಆಯಿತಲ್ಲ ಅನ್ನಿಸಬಹುದು. ಬೇರೆ ಕೆಲವು ಪರೀಕ್ಷೆಗಳಿಗೆ ವೇಗವಾಗಿ ತಿರುಗಿಸಿ ಕೊಬ್ಬು ಬೇರ್ಪಡಿಸಿ ಕೆಳಗಿನ ತಿಳಿ ಬಳಸುವುದುಂಟು. ಕೊಲೆಸ್ಟ್ರಾಲ್‌ಗೆ ಅದು ಆಗದು. ನಾವು ಅಳೆಯಬೇಕಾದ ವಸ್ತುವೇ ಆ ಕಣಗಳ ಒಳಗೂ ಇದೆ. ಕೊಬ್ಬು ಎಸೆದರೆ ಕೊಲೆಸ್ಟ್ರಾಲನ್ನೂ ಎಸೆದ ಹಾಗೆ.

ಯಜಮಾನರ ಟ್ಯೂಬು, ಲೆಕ್ಕ ಸಮೇತ

ಅವತ್ತು ಸ್ಟ್ಯಾಂಡರ್ಡ್ ಓದಿದ್ದು 0.320. ಯಜಮಾನರ ಸೀರಮ್ 0.642. ನೇರ ಲೆಕ್ಕದಲ್ಲಿ 401. ಆದರೆ ಟ್ಯೂಬನ್ನು ಬೆಳಕಿಗೆ ಹಿಡಿದರೆ ಗುಲಾಬಿಯ ಒಳಗೆ ಎಳೆ ಮಬ್ಬು ಕಾಣುತ್ತಿತ್ತು. ಸ್ಟ್ರಾಬೆರಿ ಮಿಲ್ಕ್‌ಗೆ ತುಂಬಾ ನೀರು ಹಾಕಿದ ಹಾಗೆ. ಸ್ಟ್ಯಾಂಡರ್ಡ್ ಮಾತ್ರ ಶರಬತ್ತಿನ ಹಾಗೆ ತಿಳಿ.

ಮಬ್ಬನ್ನು ಕಳೆಯಲು ನಮಗೆ ಹೇಳಿಕೊಟ್ಟಿದ್ದ ದಾರಿ ಸೀರಮ್ ಬ್ಲ್ಯಾಂಕ್. 1000 ಮೈಕ್ರೋಲೀಟರ್ ಸಲೈನ್‌ಗೆ 10 ಮೈಕ್ರೋಲೀಟರ್ ಸೀರಮ್ ಹಾಕಿ, ಸಲೈನ್‌ನಿಂದ ಸೊನ್ನೆ ಮಾಡಿ ಓದಿದೆ. 0.170 ಬಂತು. ಅದನ್ನು 0.642ರಿಂದ ಕಳೆದರೆ 0.472, ಅಂದರೆ 295. ಒಂದೇ ಏಟಿಗೆ ನೂರಕ್ಕೂ ಜಾಸ್ತಿ ಇಳಿಯಿತು! ಹಿಂದೆಲ್ಲ ನಾನು ಇದನ್ನೇ ರಿಪೋರ್ಟ್ ಮಾಡುತ್ತಿದ್ದೆ. ಅದು ತಪ್ಪು ಎಂದು ತಿಳಿದದ್ದು ಆ ಎರಡು ಟ್ಯೂಬುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ. ಸಲೈನ್ ಟ್ಯೂಬು ಬೆಳ್ಳಗೆ ಮಬ್ಬಾಗಿತ್ತು. ರಿಯೇಜೆಂಟ್ ಟ್ಯೂಬಿನ ಮಬ್ಬು ಅದಕ್ಕಿಂತ ತುಂಬಾ ಕಡಿಮೆ. ಸಲೈನ್‌ನಲ್ಲಿ ಡಿಟರ್ಜೆಂಟ್ ಇಲ್ಲ, ಕೊಬ್ಬು ಹಾಗೇ ಉಳಿಯುತ್ತದೆ. ರಿಯೇಜೆಂಟ್‌ನಲ್ಲಿ ಐದು ನಿಮಿಷದಲ್ಲಿ ಹೆಚ್ಚಿನ ಭಾಗ ಕರಗಿರುತ್ತದೆ. ಇಲ್ಲದ ಮಬ್ಬನ್ನು ನಾವು ಕಳೆಯುತ್ತಿದ್ದೆವು.

ಹಾಗಾದರೆ ಮಬ್ಬನ್ನು ಬಣ್ಣ ಬಂದಿರುವ ಅದೇ ಟ್ಯೂಬಿನಲ್ಲೇ ಅಳೆಯಬೇಕು. ಅದಕ್ಕೆ ದಾರಿ ಇದೆ. ನಮ್ಮ ಗುಲಾಬಿ ಬಣ್ಣ 670 ನ್ಯಾನೋಮೀಟರ್‌ನ ಕೆಂಪು ಬೆಳಕನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ಮಬ್ಬು ಅಲ್ಲೂ ಚದುರಿಸುತ್ತದೆ. ಅದೇ ಟ್ಯೂಬನ್ನು ಫಿಲ್ಟರ್ ಬದಲಿಸಿ 670ರಲ್ಲಿ ಓದಿದೆ: 0.045. ಸ್ಟ್ಯಾಂಡರ್ಡ್ ಅಲ್ಲಿ ಸೊನ್ನೆ. ಮಬ್ಬು ಇದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಎರಡು ತರಂಗದಲ್ಲಿ ಓದುವ ಮೆಷಿನ್‌ಗಳು ತಾವಾಗಿಯೇ ಈ ಕಳೆಯುವ ಕೆಲಸ ಮಾಡುತ್ತವೆ. ಕಳೆದರೆ 0.597, ಉತ್ತರ 373.

ಆದರೆ ಇದೂ ಪೂರ್ತಿ ಸರಿಯಲ್ಲ. ಚದುರುವಿಕೆ ಕೆಂಪು ಬೆಳಕಿಗಿಂತ 505ರ ಹಸಿರು ಬೆಳಕಿಗೆ ಜಾಸ್ತಿ. ಅಲ್ಲಿ 0.045 ಇದ್ದರೆ ಇಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಎಷ್ಟು ಹೆಚ್ಚು ಎಂಬುದು ಕಣದ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ 670ರ ರೀಡಿಂಗನ್ನು ನಾನು ಲೆಕ್ಕಕ್ಕಿಂತ ಎಚ್ಚರಿಕೆಯ ಗಂಟೆಯಾಗಿ ಬಳಸುತ್ತೇನೆ. ಅದು ಸೊನ್ನೆಯ ಹತ್ತಿರ ಇದ್ದರೆ 505ರ ಉತ್ತರ ನಂಬಬಹುದು. ಇಲ್ಲದಿದ್ದರೆ ಮುಂದಿನ ಹೆಜ್ಜೆ.

ಆ ಹೆಜ್ಜೆ, ಸೀರಮನ್ನು ತೆಳು ಮಾಡುವುದು. 100 ಮೈಕ್ರೋಲೀಟರ್ ಸೀರಮ್, 400 ಮೈಕ್ರೋಲೀಟರ್ ಸಲೈನ್, ಚೆನ್ನಾಗಿ ಬೆರೆಸಿ ಅದರಲ್ಲಿ 10 ಮೈಕ್ರೋಲೀಟರ್ ತೆಗೆದು ಪರೀಕ್ಷೆ ಮಾಡಿ, ಉತ್ತರವನ್ನು ಐದರಿಂದ ಗುಣಿಸಬೇಕು. ಇಲ್ಲಿ ಒಂದು ಪ್ರಶ್ನೆ ಏಳಬೇಕು. ಬಣ್ಣ ಐದರಲ್ಲೊಂದು ಪಾಲಾದರೆ ಮಬ್ಬೂ ಐದರಲ್ಲೊಂದಾಗುತ್ತದೆ. ಐದರಿಂದ ಗುಣಿಸಿದ ಮೇಲೆ ಅದೇ ತಪ್ಪು ವಾಪಸ್ ಬರುವುದಿಲ್ಲವೇ? ಡಿಟರ್ಜೆಂಟ್ ಇಲ್ಲದಿದ್ದರೆ ಹಾಗೇ ಆಗುತ್ತಿತ್ತು. ಆದರೆ ಈಗ ಅಷ್ಟೇ ಡಿಟರ್ಜೆಂಟ್‌ಗೆ ಐದರಲ್ಲೊಂದು ಪಾಲು ಕೊಬ್ಬು ಮಾತ್ರ. ಒಂದು ಬಟ್ಟಲು ಸೋಪಿನ ನೀರಿಗೆ ಐದು ಜಿಡ್ಡು ತಟ್ಟೆಯ ಬದಲು ಒಂದು ತಟ್ಟೆ ಹಾಕಿದ ಹಾಗೆ. ಕೊಬ್ಬು ಪೂರ್ತಿ ಕರಗುತ್ತದೆ.

ಯಜಮಾನರ ತೆಳು ಸೀರಮ್ 505ರಲ್ಲಿ 0.112 ಓದಿತು. 670ರಲ್ಲಿ ಸೊನ್ನೆ, ಕಣ್ಣಿಗೂ ತಿಳಿ. ಲೆಕ್ಕ 70, ಐದರಿಂದ ಗುಣಿಸಿದರೆ 350. ಈಗ ಹಿಂದಕ್ಕೆ ತಾಳೆ ನೋಡಿ. 350ಕ್ಕೆ ತೆಳು ಮಾಡದ ಟ್ಯೂಬಿನಲ್ಲಿ ಬಣ್ಣ 0.560 ಇರಬೇಕಿತ್ತು. ಓದಿದ್ದು 0.642. ಹೆಚ್ಚುವರಿ 0.082, ಅದೇ ಉಳಿದ ಮಬ್ಬು. ಸಲೈನ್ ತೋರಿಸಿದ 0.170ರ ಅರ್ಧಕ್ಕಿಂತ ಕಡಿಮೆ, 670ರಲ್ಲಿ ಕಂಡ 0.045ಕ್ಕಿಂತ ಜಾಸ್ತಿ. ಎಲ್ಲ ಒಂದಕ್ಕೊಂದು ಹೊಂದುತ್ತದೆ.

ತೆಳು ಮಾಡುವುದಕ್ಕೂ ಬೆಲೆ ಇದೆ. ರೀಡಿಂಗ್ 0.001 ಆಚೀಚೆ ಆದರೆ ಕೊನೆಯ ಉತ್ತರದಲ್ಲಿ 3 ಮಿಲಿಗ್ರಾಂ ವ್ಯತ್ಯಾಸ. ಅದಕ್ಕೇ ಜೋಡಿ ಟ್ಯೂಬು ಹಾಕಿ ಸರಾಸರಿ ತೆಗೆಯಬೇಕು. ಮಬ್ಬು ಸ್ವಲ್ಪವೇ ಇದ್ದರೆ ಒಂದು ಪಾಲು ಸೀರಮ್‌ಗೆ ಒಂದು ಪಾಲು ಸಲೈನ್ ಬೆರೆಸಿ ಎರಡರಿಂದ ಗುಣಿಸಿದರೆ ಸಾಕು, ಐದರ ಪಾಲು ಬೇಡ.

ಟ್ರೈಗ್ಲಿಸರೈಡ್ ಕೂಡ ತೆಳು ಮಾಡಿಯೇ ನೋಡಿದೆ, ಸಾವಿರ ದಾಟಿತ್ತು. ಅಷ್ಟಿದ್ದಾಗ ಎಲ್‌ಡಿಎಲ್ ಅನ್ನು ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕಬಾರದು. 400 ದಾಟಿದರೆ ಆ ಸೂತ್ರ ನಡೆಯುವುದಿಲ್ಲ. ಆ ಜಾಗ ಖಾಲಿ ಬಿಟ್ಟು, "ಸೀರಮ್ ಹಾಲಿನಂತಿದೆ, 12 ಗಂಟೆ ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡುವುದು" ಎಂದು ಬರೆದು 350 ಕೊಟ್ಟೆ.

ನಾಲ್ಕನೇ ದಿನ ಯಜಮಾನರು ಮತ್ತೆ ಬಂದರು. ಹಿಂದಿನ ರಾತ್ರಿ ಏಳಕ್ಕೇ ಉಂಡು ಮಲಗಿದ್ದರು. ಈ ಸಲ ಸೀರಮ್‌ನಲ್ಲಿ ಮಂಜಿನಷ್ಟು ಮಬ್ಬು ಮಾತ್ರ. ಸ್ಟ್ಯಾಂಡರ್ಡ್ 0.316, ಸೀರಮ್ 0.521, 670ರಲ್ಲಿ ಹೆಚ್ಚುಕಡಿಮೆ ಸೊನ್ನೆ. ತೆಳು ಮಾಡದೆಯೇ ಬಂದ ಉತ್ತರ 330.